ಭಾಷಾಂತರದ ಭಾರ

ಸಾಲಕ್ಕೆ ಜಾಮೀನು ನಿಲ್ಲುವವರ ಸಹಿಗಾಗಿ ಸಿದ್ಧವಾದ ಆಂಗ್ಲ ಪತ್ರವೊಂದು ಕನ್ನಡಕ್ಕೆ ಬಂದಿತು. ಅದರ ಮುಖ್ಯವಾಕ್ಯವು ಹೀಗಿದ್ದಿತು: "ಋಣಪ್ರತ್ಯರ್ಪಣದಲ್ಲಿ ಪ್ರತಿಭುವಿನ ಬಾಧ್ಯತೆಯು ಋಣಿಯ ಬಾಧ್ಯತೆಯೊಡನೆ ಸಮವ್ಯಾಪ್ತವಾಗಿರತಕ್ಕದ್ದು." ಪತ್ರವನ್ನು ಮಾಡಿಸಿಕೊಂಡವರು ಇದು ಸಂಸ್ಕೃತಮಯವೂ ಭಾರವೂ ಆಯಿತೆಂದು ದೂರಿ, "ಸಾಲಗಾರ ಕೊಡದಿದ್ದರೆ ಜಾಮೀನುದಾರ ಕೊಡಬೇಕು" ಎಂದಿದ್ದರೆ ಸಾಲದೆ ಎಂದು ಕೇಳಿದರು.

ಭಾಷಾಂತರಕಾರನು ಕೊಟ್ಟ ಉತ್ತರವು ವಿಚಾರಾರ್ಹವಾಗಿದೆ. ಪದಗಳ ಮಟ್ಟಿಗೆ ಅವನು ಆಕ್ಷೇಪವನ್ನು ಒಪ್ಪಿದನು. 'ಪ್ರತಿಭೂ' ಎಂಬುದು ಧರ್ಮಶಾಸ್ತ್ರದ ಶಬ್ದ. ಆಳನ್ನು ಹಾಜರುಪಡಿಸುವ, ಅವನು ನಂಬಿಕಸ್ಥನೆಂದು ಹೇಳುವ, ಹಣವನ್ನೇ ತೆರುವ ಮೂರು ಬಗೆಯ ಪ್ರತಿಭುಗಳನ್ನು ಯಾಜ್ಞವಲ್ಕ್ಯಸ್ಮೃತಿಯು ಎಣಿಸುತ್ತದೆ. ಪಂಡಿತನಿಗೆ ಅದು ಖಚಿತವಾದ ಮಾತೇ ಸರಿ. ಆದರೆ ಸಹಿ ಹಾಕುವ ರೈತನಿಗೆ 'ಜಾಮೀನುದಾರ' ಎಂದರೇ ತಿಳಿಯುವುದು. ಆ ಶಬ್ದವು ಅರಬ್ಬೀ ಮೂಲದ್ದೆಂಬುದು ಅವನಿಗೆ ಅಡ್ಡಿಯಲ್ಲ. ದಿನ, ಕಾಲ, ಮನಸ್ಸು ಎಂಬವು ಸಂಸ್ಕೃತವೆಂಬುದೂ ಅಡ್ಡಿಯಲ್ಲ. ಶಬ್ದದ ಕುಲವನ್ನು ಕೇಳುವುದಕ್ಕಿಂತ ಅದರ ಬಳಕೆಯನ್ನು ಕೇಳುವುದೇ ಯುಕ್ತ.

ಅರ್ಥದ ಮಟ್ಟಿಗೆ ಮಾತ್ರ ಅವನು ಜಗ್ಗಲಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಪ್ರಕರಣದಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದದ್ದು. ಸಾಲ ಕೊಟ್ಟವನು ಮೊದಲು ಸಾಲಗಾರನ ಮೇಲೆ ದಾವೆ ಹೂಡಿ, ಅವನ ಆಸ್ತಿ ಸಾಲದೆಹೋದ ಮೇಲೆಯೇ ಜಾಮೀನುದಾರನ ಬಾಗಿಲಿಗೆ ಬರಬೇಕೆಂಬ ನಿಯಮವಿಲ್ಲ. ಹಗುರವಾದ ಆ ವಾಕ್ಯವನ್ನು ಓದಿದವನು ತನ್ನ ಸರದಿ ಕಡೆಯದೆಂದೇ ಭಾವಿಸುವನು. ಬಡ್ಡಿಯ ಯೋಚನೆಯೂ ಅವನಿಗೆ ಬಾರದು.

ಆದಕಾರಣ ಅವನು ಹೀಗೆ ತಿದ್ದಿದನು: "ಸಾಲಗಾರನು ಕೊಡಬೇಕಾದ ಅಸಲು, ಬಡ್ಡಿ, ಖರ್ಚು ಇಷ್ಟಕ್ಕೂ ಜಾಮೀನುದಾರನು ಹೊಣೆ. ಸಾಲಗಾರನು ಗಡುವಿಗೆ ಕೊಡದಿದ್ದರೆ, ಅವನ ಮೇಲೆ ಮೊದಲು ದಾವೆ ಹೂಡದೆಯೇ, ಸಾಲ ಕೊಟ್ಟವರು ಜಾಮೀನುದಾರನಿಂದ ಹಣವನ್ನು ವಸೂಲು ಮಾಡಬಹುದು." ಇದರಲ್ಲಿ ಕಠಿನಪದವಿಲ್ಲ, ಆದರೆ ವಾಕ್ಯವು ಮೊದಲಿಗಿಂತ ಉದ್ದವಾಯಿತು, ಕಿವಿಗೆ ಕಟುವೂ ಆಯಿತು. ಇದನ್ನು ಕೇಳಿದವರಲ್ಲಿ ಕೆಲವರು ಸಹಿ ಹಾಕದೆ ಎದ್ದುಹೋಗಲೂಬಹುದು.

ಧರ್ಮಸಂಕಟವಿರುವುದು ಇಲ್ಲಿಯೇ. ಕೂಲಿ ಕೊಡುವವನು ಒಬ್ಬ, ಓದಿ ಕಟ್ಟುಬೀಳುವವನು ಇನ್ನೊಬ್ಬ. ಭಾಷಾಂತರಕಾರನಿಗೆ ಮೊದಲನೆಯವನ ಅಪೇಕ್ಷೆಯಂತೆ ಶೈಲಿಯನ್ನು ಬದಲಿಸುವ ಸ್ವಾತಂತ್ರ್ಯವುಂಟು. ಎರಡನೆಯವನು ಹೊರಬೇಕಾದ ಹೊಣೆಯನ್ನು ಮರೆಮಾಡುವ ಸ್ವಾತಂತ್ರ್ಯವಿಲ್ಲ. ತಿಳಿಯದ ಶಬ್ದದಿಂದ ಅರ್ಥವು ಮುಚ್ಚಿಹೋಗುವಂತೆಯೇ, ಅರ್ಧ ಹೇಳಿದ ಸುಲಭವಾಕ್ಯದಿಂದಲೂ ಮುಚ್ಚಿಹೋಗುತ್ತದೆ. ಎರಡನೆಯದರಲ್ಲಿ ಓದುಗನಿಗೆ ತನಗೆ ತಿಳಿಯಲಿಲ್ಲವೆಂಬ ಸಂಶಯವೂ ಹುಟ್ಟುವುದಿಲ್ಲ. ಶಬ್ದದ ಭಾರವನ್ನು ಇಳಿಸುವುದು ಭಾಷಾಂತರಕಾರನ ಕೆಲಸ. ಸಾಲದ ಭಾರವನ್ನು ಇದ್ದಂತೆ ತೋರಿಸುವುದು ಅವನ ಧರ್ಮ.