ಕಡಿದಾದ ಏರಿನ ದಿಕ್ಕು ಶಿಖರದ ದಿಕ್ಕಲ್ಲ

ಗುಡ್ಡದ ಓರೆಯಲ್ಲಿ ನಿಂತವರು ಎತ್ತ ಬೇಕಾದರೂ ಹೆಜ್ಜೆ ಇಡಬಹುದು. ದಿಕ್ಕು ಬದಲಾದಂತೆ ಏರೂ ಬದಲಾಗುತ್ತದೆ, ದಿಕ್ಕುಗಳಿಗೋ ಲೆಕ್ಕವೇ ಇಲ್ಲ. ಆದರೂ ನೆಲ ಎಲ್ಲಿಯೂ ಮುರಿಯದೆ ನಯವಾಗಿ ಬಾಗಿದ್ದರೆ, ಆ ಜಾಗದ ಎಲ್ಲ ಏರುಗಳನ್ನೂ ಎರಡೇ ಅಂಕಿಗಳಿಂದ ತಿಳಿಯಬಹುದು. ಪೂರ್ವಕ್ಕೆ ಒಂದು ಮೀಟರ್ ಸರಿದರೆ ಎತ್ತರ ಎಷ್ಟರ ದರದಲ್ಲಿ ಬದಲಾಗುತ್ತದೆ ಎಂಬುದು ಒಂದು, ಉತ್ತರಕ್ಕೆ ಸರಿದರೆ ಎಷ್ಟು ಎಂಬುದು ಇನ್ನೊಂದು. ಈ ಎರಡನ್ನೂ ಜೋಡಿಸಿದರೆ ಸಿಗುವ ಸದಿಶವೇ ಗ್ರೇಡಿಯಂಟ್. ಅದು ಅತಿ ಕಡಿದಾದ ಏರಿನ ದಿಕ್ಕನ್ನು ತೋರಿಸುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಮಾತು ನಿಜ. ಆದರೆ ಅದು ಕಾಲ ಕೆಳಗಿನ ನೆಲದ ಬಗ್ಗೆ ಹೇಳಿದ ಮಾತೇ ಹೊರತು ಶಿಖರದ ಬಗ್ಗೆ ಹೇಳಿದ್ದಲ್ಲ.

ಪೂರ್ವ-ಪಶ್ಚಿಮವಾಗಿ ಉದ್ದಕ್ಕೆ ಚಾಚಿದ, 1000 ಮೀಟರ್ ಎತ್ತರದ ಒಂದು ಗುಡ್ಡವನ್ನು ತೆಗೆದುಕೊಳ್ಳೋಣ. ಅದರ ಎತ್ತರ h = 1000 − 0.0005x² − 0.002y². ಇಲ್ಲಿ x ಎಂದರೆ ಶಿಖರದಿಂದ ಪೂರ್ವಕ್ಕಿರುವ ದೂರ, y ಎಂದರೆ ಉತ್ತರಕ್ಕಿರುವ ದೂರ, ಎರಡೂ ಮೀಟರ್‌ಗಳಲ್ಲಿ. ಶಿಖರದಿಂದ 300 ಮೀಟರ್ ಪೂರ್ವಕ್ಕೆ, 100 ಮೀಟರ್ ಉತ್ತರಕ್ಕೆ ಇರುವ ಜಾಗದ ಎತ್ತರ 935 ಮೀಟರ್. y ಬದಲಾಗದಂತೆ ಹಿಡಿದು x ಒಂದನ್ನೇ ಬದಲಿಸಿದರೆ ದರ −0.001x, ಅಂದರೆ −0.3. ಅದೇ ರೀತಿ y ದಿಕ್ಕಿನ ದರ −0.004y, ಅಂದರೆ −0.4. ಋಣ ಚಿಹ್ನೆಯ ಅರ್ಥ ಇಷ್ಟೇ: ಪಶ್ಚಿಮಕ್ಕೆ ನಡೆದರೆ ಮೀಟರಿಗೆ 0.3 ಮೀಟರ್ ಏರು, ದಕ್ಷಿಣಕ್ಕೆ ನಡೆದರೆ 0.4 ಮೀಟರ್ ಏರು.

ಹಾಗಿದ್ದರೆ ದಕ್ಷಿಣದ ಏರೇ ದೊಡ್ಡದಲ್ಲವೇ, ನೇರ ಅತ್ತಲೇ ಹೋದರೆ ಸಾಲದೇ ಎಂದು ಕೇಳಬಹುದು. ಸಾಲದು. ಪಾದದ ಸುತ್ತಲಿನ ಚಿಕ್ಕ ತುಣುಕು ಓರೆಯಾಗಿಟ್ಟ ಹಲಗೆಯಂತೆ ವರ್ತಿಸುತ್ತದೆ, ಹಲಗೆಯ ಮೇಲೆ ಎರಡು ದಿಕ್ಕಿನ ಏರುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಐದು ಮೀಟರಿನ ನಡಿಗೆಯನ್ನು 3 ಮೀಟರ್ ಪಶ್ಚಿಮಕ್ಕೂ 4 ಮೀಟರ್ ದಕ್ಷಿಣಕ್ಕೂ ಹಂಚಿದರೆ ಸಿಗುವ ಏರು 0.9 + 1.6, ಅಂದರೆ 2.5 ಮೀಟರ್. ಅದೇ ಐದು ಮೀಟರನ್ನು ಪೂರ್ತಿ ದಕ್ಷಿಣಕ್ಕೆ ನಡೆದರೆ ಸಿಗುವುದು 2 ಮೀಟರ್ ಮಾತ್ರ. ಮೀಟರಿಗೆ 0.5 ಎಂಬುದೇ ಇಲ್ಲಿಯ ಗರಿಷ್ಠ ಏರು. ಅದು ಗ್ರೇಡಿಯಂಟಿನ ಉದ್ದವೂ ಹೌದು. ಇನ್ನು 4 ಮೀಟರ್ ಪಶ್ಚಿಮಕ್ಕೆ, 3 ಮೀಟರ್ ಉತ್ತರಕ್ಕೆ ಸಾಗಿದರೆ ಏರಿದ 1.2 ಮೀಟರನ್ನು ಇಳಿದ 1.2 ಮೀಟರ್ ನುಂಗಿಹಾಕುತ್ತದೆ. ಆ ಕ್ಷಣಕ್ಕೆ ಏರೂ ಇಲ್ಲ, ಇಳಿವೂ ಇಲ್ಲ. ನಕ್ಷೆಯ ಸಮೋನ್ನತ ರೇಖೆ ಆ ಜಾಗದಲ್ಲಿ ಹಾಯುವುದು ಈ ದಿಕ್ಕಿನಲ್ಲೇ, ಗ್ರೇಡಿಯಂಟ್ ಅದಕ್ಕೆ ಲಂಬ. 1:50,000 ಅಳತೆಯ ನಕ್ಷೆಯಲ್ಲಿ 20 ಮೀಟರಿಗೊಂದು ರೇಖೆ ಎಳೆದಿದ್ದರೆ, ಇಷ್ಟು ಕಡಿದಾದ ಕಡೆ ರೇಖೆಗಳ ನಡುವಿನ ಅಂತರ ಬರೀ 0.8 ಮಿಲಿಮೀಟರ್. ರೇಖೆಗಳು ಒತ್ತೊತ್ತಾಗಿದ್ದರೆ ಗ್ರೇಡಿಯಂಟ್ ದೊಡ್ಡದು ಎಂದೇ ಓದಬೇಕು.

ಇನ್ನೊಂದು ಆಕ್ಷೇಪ ಹೀಗಿರಬಹುದು: ಅತಿ ಕಡಿದಾದ ದಾರಿ ಕೊನೆಗೆ ಶಿಖರಕ್ಕೇ ಮುಟ್ಟಬೇಕಲ್ಲವೇ, ಹಾಗಾದರೆ ಅದು ಶಿಖರದ ದಿಕ್ಕು ಏಕಲ್ಲ? ನಾವು ನಿಂತ ಜಾಗದಿಂದ ಶಿಖರಕ್ಕೆ ನೇರವಾಗಿ ಹೋಗಲು 1 ಮೀಟರ್ ದಕ್ಷಿಣಕ್ಕೆ 3 ಮೀಟರಿನಂತೆ ಪಶ್ಚಿಮಕ್ಕೆ ನಡೆಯಬೇಕು. ಆ ದಿಕ್ಕಿನ ಏರು ಮೀಟರಿಗೆ ಸುಮಾರು 0.41. ಗ್ರೇಡಿಯಂಟಿಗೂ ಅದಕ್ಕೂ ಸುಮಾರು 35 ಡಿಗ್ರಿಗಳ ಅಂತರವಿದೆ. ಪ್ರತಿ ಹೆಜ್ಜೆಗೂ ಗ್ರೇಡಿಯಂಟನ್ನೇ ಕೇಳಿ ನಡೆದವರು x = 150 ಆಗುವಷ್ಟರಲ್ಲಿ y = 6ರ ಹತ್ತಿರ ಇರುತ್ತಾರೆ. ಅಂದರೆ ಅವರು ಮೊದಲು ಗುಡ್ಡದ ಏಣು ಹತ್ತಿ, ಆಮೇಲೆ ಏಣಿನ ಉದ್ದಕ್ಕೆ ಶಿಖರದತ್ತ ಸಾಗುತ್ತಾರೆ. ಈ ಗುಡ್ಡಕ್ಕೆ ಒಂದೇ ಶಿಖರವಿರುವುದರಿಂದ ಅವರು ಗುರಿ ಮುಟ್ಟುತ್ತಾರೆ. ಪಕ್ಕದಲ್ಲೊಂದು ಚಿಕ್ಕ ಗುಡ್ಡವೂ ಇದ್ದು, ನಡಿಗೆ ಅದರ ಓರೆಯಲ್ಲಿ ಶುರುವಾಗಿದ್ದರೆ, ಅದರ ತಲೆಯ ಮೇಲೆಯೇ ಎರಡೂ ಅಂಕಿಗಳು ಸೊನ್ನೆಯಾಗಿ ದಾರಿ ನಿಲ್ಲುತ್ತಿತ್ತು. ಆ ಸೊನ್ನೆ ‘ಇಲ್ಲಿ ನೆಲ ಮಟ್ಟವಾಗಿದೆ’ ಎಂದಷ್ಟೇ ಹೇಳುತ್ತದೆ. ಎರಡು ಗುಡ್ಡಗಳ ನಡುವಿನ ಕಣಿವೆದಾರಿಯಲ್ಲೂ ಅದೇ ಸೊನ್ನೆ ಸಿಗುತ್ತದೆ.

‘ಅತಿ ಕಡಿದಾದ’ ಎಂಬ ಮಾತಿನೊಳಗೆ ಇನ್ನೊಂದು ಒಪ್ಪಂದವೂ ಅಡಗಿದೆ: ಎರಡೂ ದಿಕ್ಕಿನ ದೂರವನ್ನು ಒಂದೇ ಅಳತೆಗೋಲಿನಿಂದ ಅಳೆಯಬೇಕು. y ದೂರವನ್ನು ಮಾತ್ರ ಹತ್ತು ಮೀಟರಿನ ಗೋಲಿನಿಂದ ಅಳೆದರೆ ಅದರ ದರ −4 ಆಗುತ್ತದೆ. ಆಗ ಆ ಅಂಕಿಗಳನ್ನೇ ನಂಬಿ ಹೊರಟವರು 0.3 ಮೀಟರ್ ಪಶ್ಚಿಮಕ್ಕೆ ನಾಲ್ಕು ಗೋಲು, ಅಂದರೆ 40 ಮೀಟರ್, ದಕ್ಷಿಣಕ್ಕೆ ನಡೆದುಬಿಡುತ್ತಾರೆ. ಗುಡ್ಡದ ಮೇಲೆ ಈ ತಪ್ಪನ್ನು ತಿದ್ದುವುದು ಸುಲಭ, ಏಕೆಂದರೆ ಮೀಟರ್ ಎಲ್ಲ ಕಡೆಗೂ ಒಂದೇ. ಆದರೆ x ಎಂದರೆ ಹೊಲಕ್ಕೆ ಹಾಕಿದ ಗೊಬ್ಬರದ ಕಿಲೋ, y ಎಂದರೆ ಬಿಟ್ಟ ನೀರಿನ ಲೀಟರ್, h ಎಂದರೆ ಇಳುವರಿ ಎಂದಾದರೆ ಕಿಲೋವನ್ನೂ ಲೀಟರನ್ನೂ ಒಟ್ಟಿಗೆ ಅಳೆಯುವ ಗೋಲು ಪ್ರಕೃತಿಯಲ್ಲಿಲ್ಲ. ಎಷ್ಟು ನೀರು ಎಷ್ಟು ಗೊಬ್ಬರಕ್ಕೆ ಸಮ ಎಂದು, ಬಹುಶಃ ಖರ್ಚಿನ ಲೆಕ್ಕದಲ್ಲಿ, ನಾವೇ ನಿರ್ಧರಿಸಬೇಕು. ಆ ನಿರ್ಧಾರ ಬದಲಾದರೆ ಇಳುವರಿ ಅತಿ ಬೇಗ ಏರುವ ದಿಕ್ಕೂ ಬದಲಾಗುತ್ತದೆ.