ಹೊಗೆಯ ನೆಪ

ಮದುವೆಯ ಮಾರನೆಯ ದಿನ ಹೆಣ್ಣಿನ ಮನೆ ತಡವಾಗಿ ಏಳುತ್ತದೆ. ಚಪ್ಪರದ ಮಾವಿನೆಲೆ ಬಾಡಿರುತ್ತದೆ. ಜಗಲಿಯ ಮೂಲೆಯಲ್ಲಿ ಹಂಚಿ ಮಿಕ್ಕ ತಾಂಬೂಲದ ಚೀಲಗಳು, ಅಡುಗೆಮನೆಯಲ್ಲಿ ಡಬ್ಬಿ ತುಂಬ ಲಾಡು, ತಿನ್ನುವ ಮನಸ್ಸು ಯಾರಿಗೂ ಇಲ್ಲ. ಆ ಹೊತ್ತಿಗೆ ಛಾಯಾಗ್ರಾಹಕ ಮೊದಲ ಕಂತಿನ ಫೋಟೋಗಳನ್ನು ಮೊಬೈಲಿಗೆ ಕಳಿಸಿರುತ್ತಾನೆ. ಮದುಮಗಳ ತಮ್ಮನೋ ತಂಗಿಯೋ ಕಾಫಿ ಹಿಡಿದುಕೊಂಡು ಕೂತು ಅದರಲ್ಲೊಂದನ್ನು ಆರಿಸಿ, ಅಡಿಯಲ್ಲಿ ಎರಡು ಸಾಲು ಬರೆಯಬೇಕು ಅಂದುಕೊಳ್ಳುತ್ತಾರೆ. ಎಲ್ಲಿಲ್ಲದ ಕಷ್ಟ ಶುರುವಾಗುವುದು ಅಲ್ಲಿಂದ.

ಈ ಬೆಳಿಗ್ಗೆ ಆ ಎರಡು ಸಾಲುಗಳ ಬಗ್ಗೆ ಯೋಚಿಸೋಣ.

ನಮ್ಮ ಬೀದಿಯ ಹುಡುಗನೊಬ್ಬನ ಅಕ್ಕನಿಗೆ ಈಚೆಗೆ ಮದುವೆಯಾಯಿತು. ಅವನು ಮೊದಲು ಆರಿಸಿಕೊಂಡದ್ದು ಆರತಕ್ಷತೆಯ ಫೋಟೋ. ಹಿಂದೆ ಹೂವಿನ ಗೋಡೆ, ಮುಂದೆ ಸಾಲಾಗಿ ನಿಂತ ಮನೆಮಂದಿ, ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ಚೆನ್ನಾಗಿಯೇ ಇದೆ, ಆದರೆ ಅದರಲ್ಲಿ ಯಾರೂ ಏನೂ ಮಾಡುತ್ತಿಲ್ಲ. ಹೀಗೆ ಸುಮ್ಮನೆ ನಿಂತವರ ಫೋಟೋ ಬರೆಯುವವನಿಗೆ ಏನೂ ಕೊಡುವುದಿಲ್ಲ, ಶುಭಾಶಯವೊಂದನ್ನು ಬಿಟ್ಟು. ಬೇರೆ ಫೋಟೋಗಳನ್ನೂ ತೋರಿಸು ಅಂದೆ. ತಳ್ಳುತ್ತಾ ತಳ್ಳುತ್ತಾ ಒಂದು ಕಡೆ ಬೆರಳು ನಿಂತಿತು. ಹೋಮಕುಂಡದ ಮುಂದೆ ಅಕ್ಕ ಬೊಗಸೆ ಒಡ್ಡಿದ್ದಾಳೆ, ಇವನು ಬಗ್ಗಿ ಅದಕ್ಕೆ ಭತ್ತದ ಅರಳು ಹಾಕುತ್ತಿದ್ದಾನೆ. ಪಂಚೆ ಅರ್ಧ ಜಾರಿದೆ. ಇಬ್ಬರ ಮುಖವೂ ಹೊಗೆಯಲ್ಲಿ ಸ್ವಲ್ಪ ಮಸುಕು, ಇಬ್ಬರ ಕಣ್ಣಲ್ಲೂ ನೀರು.

ಇದು ಲಾಜಹೋಮ. ವೈದಿಕ ಪದ್ಧತಿಯ ಮದುವೆಯಲ್ಲಿ ಹೆಣ್ಣಿನ ಒಡಹುಟ್ಟಿದವನಿಗೇ ಅಂತ ಮೀಸಲಾದ ಕೆಲಸ. ಉಳಿದ ಹೊತ್ತೆಲ್ಲ ಅವನು ಕುರ್ಚಿ ಸಾಗಿಸುತ್ತಾನೆ, ಬೀಗರಿಗೆ ಕಾಫಿ ಹೋಯಿತೇ ಅಂತ ವಿಚಾರಿಸುತ್ತಾನೆ, ಬಸ್ಸಿನ ಡ್ರೈವರಿಗೆ ಎಲೆ ಹಾಕಿಸುತ್ತಾನೆ. ಇಲ್ಲಿ ಮಾತ್ರ ಪುರೋಹಿತರು ಹುಡುಗಿಯ ತಮ್ಮ ಎಲ್ಲಿ ಅಂತ ಕೂಗಿ ಕರೆಯುತ್ತಾರೆ. ಆಶ್ವಲಾಯನ ಗೃಹ್ಯಸೂತ್ರದಲ್ಲೇ ಇದರ ವಿಧಿ ಇದೆ. ವಧುವಿನ ಬೊಗಸೆಗೆ ಮೊದಲು ತುಪ್ಪ ಸವರಬೇಕು. ಅವಳ ಸಹೋದರ ಅಥವಾ ಆ ಸ್ಥಾನದಲ್ಲಿ ನಿಂತವನು ಎರಡು ಸಲ ಅರಳು ಹಾಕಬೇಕು, ಜಮದಗ್ನಿ ಗೋತ್ರದವರಾದರೆ ಮೂರು ಸಲ. ಮೇಲೆ ಮತ್ತೆ ತುಪ್ಪ. ಅವಳು ಬೊಗಸೆ ಬಿಡಿಸದೆ ಅದನ್ನು ಅಗ್ನಿಗೆ ಅರ್ಪಿಸಬೇಕು. ಇದರ ಜೊತೆಗೆ ಗಂಡ ಹೆಂಡತಿ ಅಗ್ನಿಯನ್ನು ಸುತ್ತುತ್ತಾರೆ, ಅವಳು ಕಲ್ಲು ಮೆಟ್ಟುತ್ತಾಳೆ. ಹೀಗೆ ಮೂರು ಸುತ್ತು. ನಾಲ್ಕನೆಯ ಸಲ ಉಳಿದ ಅರಳನ್ನು ಮೊರದ ತುದಿಯಿಂದಲೇ, ಮಂತ್ರ ಹೇಳದೆ, ಸುಮ್ಮನೆ ಹಾಕುವುದು. ಒಂದು ಮಾತೂ ಇಲ್ಲದ ಆಹುತಿಯೊಂದನ್ನು ಸೂತ್ರಕಾರರೂ ಉಳಿಸಿಕೊಂಡರಲ್ಲ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಎಲ್ಲರ ಮದುವೆಯಲ್ಲೂ ಲಾಜಹೋಮ ಇರುವುದಿಲ್ಲ. ಆದರೆ ಒಡಹುಟ್ಟಿದವರ ಕೈ ಏನಾದರೂ ಮಾಡುತ್ತಿರುವ ಫೋಟೋ ಎಲ್ಲರ ಮನೆಯಲ್ಲೂ ಒಂದಾದರೂ ಸಿಗುತ್ತದೆ. ಬಳೆ ತೊಡಿಸುವಾಗ ಪಕ್ಕದಲ್ಲಿ ಕೂತು ಅಕ್ಕನ ಮಣಿಕಟ್ಟು ಹಿಡಿದಿರುವ ತಂಗಿ, ಬಾಸಿಂಗದ ದಾರ ಬಿಗಿಯಾಯಿತೇನೋ ಅಂತ ಹಿಂದಿನಿಂದ ಸಡಿಲ ಮಾಡುತ್ತಿರುವ ಅಣ್ಣ. ಹುಡುಕಬೇಕಾದದ್ದು ಅದನ್ನೇ.

ಹುಡುಗ ಮೊದಲು ಬರೆದದ್ದು ಹೀಗಿತ್ತು: ‘ನಮ್ಮ ಮನೆಯ ದೀಪ ಇಂದು ಇನ್ನೊಂದು ಮನೆಯನ್ನು ಬೆಳಗಲು ಹೊರಟಿದೆ. ಅಕ್ಕಾ, ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ. ಕಣ್ಣೀರು ನಿಲ್ಲುತ್ತಿಲ್ಲ. ನಿಮ್ಮಿಬ್ಬರ ಬಾಳು ಹಾಲು ಜೇನಿನಂತಿರಲಿ.’

ಇದರಲ್ಲಿ ಸುಳ್ಳೇನೂ ಇಲ್ಲ. ಅವನ ಕಣ್ಣು ಆಗಲೂ ಕೆಂಪಾಗಿಯೇ ಇತ್ತು. ಆದರೆ ದೀಪ, ಹಾಲು, ಜೇನು ಯಾರ ಅಕ್ಕನಿಗಾದರೂ ಹೊಂದುತ್ತವೆ. ಈ ಮಾತುಗಳನ್ನು ಪಕ್ಕದ ಬೀದಿಯ ಮದುವೆಯ ಫೋಟೋದ ಅಡಿಗೆ ಅಂಟಿಸಿದರೆ ಅಲ್ಲೂ ಸಲೀಸಾಗಿ ಕೂರುತ್ತವೆ. ಇನ್ನೊಂದು, ಕಣ್ಣೀರು ಬರುತ್ತಿದೆ ಅಂತ ಬರೆಯುವವನೇ ಹೇಳಿಬಿಟ್ಟರೆ ಓದುವವರಿಗೆ ಮಾಡಲು ಏನೂ ಉಳಿಯುವುದಿಲ್ಲ. ಅವರು ಕೈ ಮುಗಿದ ಚಿತ್ರವೊಂದನ್ನು ಒತ್ತಿ ಮುಂದೆ ಹೋಗುತ್ತಾರೆ.

ಅದಕ್ಕಿಂತ ಸೂಕ್ಷ್ಮವಾದ ತೊಡಕು ಮೂರನೆಯ ವಾಕ್ಯಕ್ಕೂ ಮೊದಲೇ ಇದೆ. ಮನೆ ಬಿಕೋ ಎನ್ನುತ್ತಿದೆ ಅನ್ನುವ ಮಾತನ್ನು ಮೊದಲು ಓದುವವಳು ಅಕ್ಕ. ಆ ಹೊತ್ತಿಗೆ ಅವಳು ಎಲ್ಲಿರುತ್ತಾಳೆ? ಹೊಸ ಮನೆಯಲ್ಲಿ, ಪಾತ್ರೆ ಎಲ್ಲಿದೆ, ಸ್ನಾನದ ನೀರು ಯಾರಿಗೆ ಮೊದಲು ಅನ್ನುವುದೂ ಗೊತ್ತಿಲ್ಲದೆ, ನಗುಮುಖ ಮಾಡಿಕೊಂಡು ಓಡಾಡುತ್ತಿರುತ್ತಾಳೆ. ಅವಳ ಅತ್ತೆಯೂ ಅದೇ ಮಾತನ್ನು ಓದುತ್ತಾರೆ. ನಮ್ಮ ಮನೆ ಬರಿದಾಯಿತು ಅಂದರೆ ಅವರ ಕಿವಿಗೆ ಅದು ಸಣ್ಣದೊಂದು ದೂರಿನಂತೆ ಕೇಳಿಸಬಹುದು. ಹೆಣ್ಣೊಪ್ಪಿಸುವ ಶಾಸ್ತ್ರದ ಹೊತ್ತಿನಲ್ಲಿ ಅತ್ತದ್ದು ಬೇರೆ. ಅಲ್ಲಿ ಎರಡೂ ಕಡೆಯವರು ಎದುರಿಗಿರುತ್ತಾರೆ, ಹುಡುಗನ ತಾಯಿಯ ಕಣ್ಣೂ ಒದ್ದೆಯಾಗಿರುತ್ತದೆ, ಯಾರೂ ಯಾರನ್ನೂ ತಪ್ಪು ತಿಳಿಯುವುದಿಲ್ಲ. ಬರೆದಿಟ್ಟ ಅಳು ಹಾಗಲ್ಲ. ಮರುದಿನ, ಒಬ್ಬಳೇ ಇರುವಾಗ, ಅದು ಅವಳ ಮೇಲೆ ಹೊರೆಯಾಗಿ ಬೀಳುತ್ತದೆ. ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ತವರಿನ ನೋವನ್ನು ಈ ಸಾಲುಗಳಲ್ಲಿ ಬರೆಯಬಾರದು. ತವರಿನ ನೆನಪನ್ನು ಬರೆಯಬಹುದು.

ಹಾಗಾದರೆ ಏನು ನೆನಪು? ಅವನಿಗೆ ಕೂಡಲೇ ಹೊಳೆಯಲಿಲ್ಲ. ಅಕ್ಕ ತುಂಬ ಒಳ್ಳೆಯವಳು, ಎರಡನೇ ಅಮ್ಮನ ಹಾಗೆ ಅಂದ. ಅದೂ ಎಲ್ಲರೂ ಹೇಳುವುದೇ. ಆ ಬೊಗಸೆ ನೋಡಿದರೆ ಏನು ನೆನಪಾಗುತ್ತದೆ ಅಂತ ಕೇಳಿದೆ. ಅವನು ಸ್ವಲ್ಪ ಹೊತ್ತು ಫೋಟೋ ನೋಡಿದ. ಶಾಲೆಯಿಂದ ಬರುವಾಗ ಅಕ್ಕ ಕಾಗದದ ಪೊಟ್ಟಣದಲ್ಲಿ ಕಡಲೆಪುರಿ ಕೊಳ್ಳುತ್ತಿದ್ದಳಂತೆ. ಸೇತುವೆಯ ಕಟ್ಟೆಯ ಮೇಲೆ ಕೂರಿಸಿ, ಕೈ ಒಡ್ಡು ಅಂದು ಇವನ ಬೊಗಸೆಗೆ ಅರ್ಧ ಸುರಿಯುತ್ತಿದ್ದಳಂತೆ. ಹೇಳುತ್ತಾ ಹೇಳುತ್ತಾ ಅವನೇ ನಿಲ್ಲಿಸಿದ. ಅಂದು ಯಾರ ಬೊಗಸೆ, ಇಂದು ಯಾರ ಬೊಗಸೆ ಅನ್ನುವುದು ಅವನಿಗೆ ಆಗ ಕಂಡಿತು.

ಬರೆದ: ‘ಚಿಕ್ಕಂದಿನಲ್ಲಿ ಶಾಲೆಯಿಂದ ಮನೆಗೆ ಬರುವಾಗ ಅಕ್ಕ ನನ್ನ ಬೊಗಸೆಗೆ ಕಡಲೆಪುರಿ ಸುರಿಯುತ್ತಿದ್ದಳು. ಇಂದು ನಾನು ಅವಳ ಬೊಗಸೆಗೆ ಅರಳು ಸುರಿದಾಗ ಕಾಲ ಎಷ್ಟು ಬೇಗ ಓಡಿತು ಎನಿಸಿತು. ಕೊಡುವ ಕೈ ಬದಲಾದರೂ ಪ್ರೀತಿ ಬದಲಾಗಲಿಲ್ಲ.’

ಕಡಲೆಪುರಿ ಬಂದದ್ದೇ ಬಂದದ್ದು, ಫೋಟೋಗೆ ಜೀವ ಬಂತು. ಆದರೆ ಕೊನೆಯ ವಾಕ್ಯ ಬೇಡ. ಎರಡು ಬೊಗಸೆಗಳನ್ನು ಅಕ್ಕಪಕ್ಕ ಇಟ್ಟಮೇಲೆ ಅದರ ಅರ್ಥ ಹೇಳುವುದು ಓದುವವರನ್ನು ದಡ್ಡರು ಅಂದ ಹಾಗೆ. ಕಾಲ ಓಡಿತು ಅನ್ನುವುದೂ ಬೇಡ, ಓಡದೆ ಇನ್ನೇನು ಮಾಡುತ್ತದೆ? ಎರಡನ್ನೂ ಹೊಡೆದುಹಾಕಿದ. ಆದರೆ ಆಗ ಕಣ್ಣೀರು ಪೂರ್ತಿ ಹೋಗಿಬಿಟ್ಟಿತು. ಅದೂ ಸರಿಯಲ್ಲ, ಫೋಟೋದಲ್ಲಿ ಅದು ಎದ್ದು ಕಾಣುತ್ತಿದೆ. ಅತ್ತದ್ದು ನಿಜ ತಾನೇ, ಯಾರಾದರೂ ಏನಾದರೂ ಅಂದರಾ ಅಂತ ಕೇಳಿದೆ. ‘ಅತ್ತೆ ಕೇಳಿದ್ರು, ಯಾಕೋ ಅಳ್ತಾ ಇದೀಯ ಅಂತ. ಹೊಗೆ ಅಂದೆ. ಅಕ್ಕಾನೂ ಹೊಗೆ ಅಂದ್ಲು,’ ಅಂದ. ಸೋದರತ್ತೆ ನಕ್ಕು ಸುಮ್ಮನಾದರಂತೆ.

ಬೇಕಾದದ್ದು ಅಷ್ಟೇ. ಕೊನೆಗೆ ನಿಂತ ಸಾಲುಗಳು ಇವು:

‘ಶಾಲೆಯಿಂದ ಬರುವಾಗ ಕಡಲೆಪುರಿ ಕೊಂಡು ನನ್ನ ಬೊಗಸೆಗೆ ಅರ್ಧ ಸುರಿಯುತ್ತಿದ್ದಳು ಅಕ್ಕ. ನಿನ್ನೆ ಅವಳ ಬೊಗಸೆಗೆ ಅರಳು ಹಾಕಿದ್ದು ನಾನು. ಕಣ್ಣಲ್ಲಿ ಯಾಕೆ ನೀರು ಅಂದರೆ ಇಬ್ಬರೂ ಹೊಗೆ ಅಂದೆವು. ಭಾವ ನಂಬಿದ ಹಾಗೆ ಮಾಡಿದರು.’

ಭಾವನ ವಾಕ್ಯ ಅವನೇ ಸೇರಿಸಿದ್ದು, ನಾನು ಹೇಳಿಕೊಟ್ಟದ್ದಲ್ಲ. ಅದೇ ಎಲ್ಲಕ್ಕಿಂತ ಚೆನ್ನಾಗಿದೆ. ಹೊಸದಾಗಿ ಮನೆಗೆ ಬಂದ ಮನುಷ್ಯನಿಗೆ ಅಲ್ಲಿ ಒಂದು ಜಾಗ ಸಿಕ್ಕಿತು, ಹೊಗಳಿಕೆಯಿಲ್ಲದೆ, ನಮ್ಮಕ್ಕನನ್ನು ಚೆನ್ನಾಗಿ ನೋಡಿಕೊಳ್ಳಿ ಅನ್ನುವ ಎಚ್ಚರಿಕೆಯೂ ಇಲ್ಲದೆ. ಆ ಎಚ್ಚರಿಕೆಯ ಮಾತು ಇಂಥ ಕಡೆ ಬಹಳ ಬರುತ್ತದೆ. ಬರೆಯುವವರು ಪ್ರೀತಿಯಿಂದಲೇ ಬರೆಯುತ್ತಾರೆ, ಕೇಳುವವರಿಗೆ ಅದು ಜಾಮೀನು ಕೇಳಿದ ಹಾಗಿರುತ್ತದೆ.

ಇಷ್ಟು ಚಿಕ್ಕದರಲ್ಲಿ ಇಷ್ಟೆಲ್ಲ ಹಿಡಿಯುತ್ತದೆಯೇ ಅಂತ ಅನುಮಾನವಿದ್ದರೆ ನಮ್ಮ ಜನಪದ ತ್ರಿಪದಿಗಳನ್ನು ನೋಡಬೇಕು. ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳು ಹೇಳಿದ ಹಾಡುಗಳು. ತವರು, ತಾಯಿ, ಅಣ್ಣತಮ್ಮಂದಿರು ಅಲ್ಲಿ ಮತ್ತೆ ಮತ್ತೆ ಬರುತ್ತಾರೆ, ಮೂರೇ ಸಾಲಿನಲ್ಲಿ ಬಂದು ಹೋಗುತ್ತಾರೆ. ಒಂದು ವಸ್ತು, ಒಂದು ಘಟನೆ, ಮುಗಿಯಿತು. ಆ ಹೆಂಗಸರಿಗೆ ಕೈಯಲ್ಲಿ ಕೆಲಸವಿತ್ತು, ಉದ್ದ ಎಳೆಯಲು ಪುರುಸೊತ್ತಿರಲಿಲ್ಲ. ಅಲ್ಲೆಲ್ಲ ಹಾಡುವವಳು ಗಂಡನ ಮನೆಯಲ್ಲಿರುವ ಅಕ್ಕನೋ ತಂಗಿಯೋ. ತವರಿನಲ್ಲಿ ಉಳಿದ ತಮ್ಮ ಏನಂದುಕೊಂಡ ಅನ್ನುವುದು ಅಷ್ಟಾಗಿ ಕೇಳುವುದಿಲ್ಲ. ಹಾಗೆ ನೋಡಿದರೆ ಈ ಹುಡುಗರು ಮೊಬೈಲಿನಲ್ಲಿ ಬರೆಯುತ್ತಿರುವುದು ಆ ಹಾಡಿಗೆ ಬಹಳ ತಡವಾಗಿ ಬಂದ ಉತ್ತರ.

ತಂದೆಯೋ ತಾಯಿಯೋ ಇಲ್ಲದ ಮನೆಯ ಮದುವೆಯಾದರೆ ಇನ್ನೂ ಸ್ವಲ್ಪ ಹುಷಾರಾಗಿರಬೇಕು. ಅಪ್ಪ ಮೇಲಿನಿಂದ ನೋಡುತ್ತಿದ್ದಾರೆ ಅಂತ ಬರೆಯುವುದು ಸುಲಭ. ಧಾರೆ ಎರೆಯುವ ಜಾಗದಲ್ಲಿ ಚಿಕ್ಕಪ್ಪ ನಿಂತಿದ್ದರೆ, ಅವರ ಹೆಗಲ ಮೇಲಿದ್ದದ್ದು ಅಪ್ಪನ ಶಲ್ಯವಾಗಿದ್ದರೆ, ಅಷ್ಟನ್ನೇ ಬರೆದರೆ ಸಾಕು. ಗೊತ್ತಿದ್ದವರು ಅಲ್ಲೇ ನಿಲ್ಲುತ್ತಾರೆ. ಗೊತ್ತಿಲ್ಲದವರು ಶಲ್ಯ ಚೆನ್ನಾಗಿದೆ ಅಂದುಕೊಂಡು ಹೋದರೂ ನಷ್ಟವಿಲ್ಲ.

ಹುಡುಗ ಬರೆದದ್ದನ್ನು ಎಲ್ಲರಿಗೂ ತೋರಿಸುವ ಮೊದಲು ಅಕ್ಕನಿಗೊಬ್ಬಳಿಗೇ ಕಳಿಸಿದ. ಬಹಳ ಹೊತ್ತು ಉತ್ತರ ಬರಲಿಲ್ಲ. ಮಧ್ಯಾಹ್ನ ಬಂತು, ಒಂದೇ ತಿದ್ದುಪಡಿ: ‘ಅರ್ಧ ಅಲ್ಲ ಕಣೋ, ಮುಕ್ಕಾಲು. ನಿನಗೇ ಜಾಸ್ತಿ ಕೊಡ್ತಿದ್ದೆ.’ ಅವನು ಅರ್ಧ ಹೊಡೆದು ಮುಕ್ಕಾಲು ಅಂತ ಮಾಡಿದ.

ನಿಮ್ಮ ಮನೆಯಲ್ಲೂ ಈಗಷ್ಟೇ ಮದುವೆಯಾಗಿ ಹೋದ ಅಕ್ಕನೋ ತಂಗಿಯೋ ಇದ್ದರೆ, ಬರೆದದ್ದನ್ನು ಮೊದಲು ಅವಳಿಗೆ ಕಳಿಸಿ. ತಿದ್ದಿದರೆ ತಿದ್ದಲಿ. ಅಡಿಯಲ್ಲಿ ಊರು ಮತ್ತು ತಾರೀಖು ಹಾಕುವುದನ್ನು ಮರೆಯಬೇಡಿ.