ಅಜ್ಜಿಯ ಗಂಗಳ



ಬಂಧುಗಳೇ, ಇಂದಿನ ಚಿಂತನೆ ನಾನು ಮಾಡಿದ ಒಂದು ತಪ್ಪಿನಿಂದ ಶುರುವಾಗುತ್ತದೆ.

ನನ್ನ ಅಜ್ಜಿಗೆ 80 ದಾಟಿದೆ. ಚಾಮರಾಜನಗರದ ಕಡೆ ಹಳ್ಳಿಯಲ್ಲಿದ್ದಾರೆ. ಊರಿಗೆ ಹೋದರೆ "ಉಂಡ್ಯಾ ಮಗ?", "ಉಂಡೆ ಅಜ್ಜಿ" ಅನ್ನುವುದರೊಳಗೆ ನಮ್ಮ ಮಾತು ಮುಗಿದುಹೋಗುತ್ತಿತ್ತು. ಒಮ್ಮೆ ಧೈರ್ಯ ಮಾಡಿ ಕೇಳಿದೆ: "ಅಜ್ಜಿ, ನಿನ್ನ ಕಾಲದಲ್ಲಿ ಜಾತಿ ತಾರತಮ್ಯ, ಶೋಷಣೆ ಎಲ್ಲ ಹೇಗಿತ್ತು?"

"ಅಂಥದ್ದೇನೂ ಇರ್ಲಿಲ್ಲ ಕನ ಮಗ. ಎಲ್ಲಾ ಚೆನ್ನಾಗೇ ಇದ್ರು."

ನನಗೆ ಸಿಟ್ಟು ಬಂತು. ಅರ್ಧ ಗಂಟೆ ಪಾಠ ಹೇಳಿದೆ. ಅಜ್ಜಿ ಸೆರಗು ಹೊದ್ದು ಗೋಡೆ ಕಡೆ ತಿರುಗಿ ಮಲಗಿದರು.

ಆಮೇಲೆ ಮಜ್ಝಿಮ ನಿಕಾಯದ ಅರಣವಿಭಂಗ ಸುತ್ತ ಓದಿದೆ. ಅಲ್ಲಿ ಬುದ್ಧರು ಒಂದು ಪಾತ್ರೆಯ ಉದಾಹರಣೆ ಕೊಡುತ್ತಾರೆ. ಅದೇ ಪಾತ್ರೆಯನ್ನು ಒಂದು ಸೀಮೆಯವರು ಪಾತಿ ಅನ್ನುತ್ತಾರೆ, ಇನ್ನೊಂದು ಸೀಮೆಯವರು ಪತ್ತ, ಮತ್ತೊಬ್ಬರು ಸರಾವ. ನಾನು ಕರೆಯುವ ಹೆಸರೇ ಸರಿ ಎಂದು ಹಟ ಹಿಡಿದರೆ ಜಗಳ. ಎದುರಿನವರು ಏನೆಂದು ಕರೆಯುತ್ತಾರೋ ಹಾಗೇ ಕರೆದು ಮಾತಾಡಿದರೆ ಜಗಳವಿಲ್ಲ.

ನನಗೆ ಅಜ್ಜಿಯ ಗಂಗಳ ನೆನಪಾಯಿತು. ನಾನು ಪ್ಲೇಟು ಅನ್ನುವುದನ್ನು ಅವರು ಗಂಗಳ ಅನ್ನುತ್ತಾರೆ. 'ತಾರತಮ್ಯ' ಕೂಡ ನಾನು ಓದಿ ಕಲಿತ ಹೆಸರು. ಆ ಹೆಸರು ಅಜ್ಜಿಗೆ ಗೊತ್ತಿಲ್ಲ. ಆದರೆ ಅದನ್ನು ಅನುಭವಿಸಿದವರು ಅವರು.

ಮುಂದಿನ ಸಲ ಹೋದಾಗ ಇಷ್ಟೇ ಕೇಳಿದೆ: "ಅಜ್ಜಿ, ಆಗ ನೀರು ಎಲ್ಲಿಂದ ತರ್ತಿದ್ದೆ?"

"ಬಾವಿಯಿಂದ. ನಾವು ಕಟ್ಟೆ ಹತ್ತಂಗಿರ್ಲಿಲ್ಲ. ಬಿಂದಿಗೆ ಇಟ್ಕಂಡು ಕೆಳಗೆ ಕೂತಿರೋದು. ಯಾರಾರ ಬಂದು ಮೇಲಿಂದ ಹುಯ್ಯೋರು. ಹುಯ್ದಾಗ ಹುಯ್ದಂಗೆ. ಒಂದಿನ ನಿಮ್ಮಪ್ಪಂಗೆ ಜ್ವರ..." ಅಂದು ಸುಮ್ಮನಾದರು. ನಾನು ಮುಂದೆ ಕೇಳಲಿಲ್ಲ. ಸಮ್ಮಾ ವಾಚಾದಲ್ಲಿ ಹೊತ್ತು ನೋಡಿ ಮಾತಾಡುವುದೂ ಸೇರಿದೆ.

ಹಾಗಾದರೆ ಹಿರಿಯರು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕೇ? ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ "ನಮ್ ಹಣೇಲಿ ಬರ್ದಿತ್ತು" ಅಂದರು. ಇದು ಬರೀ ಪದದ ವ್ಯತ್ಯಾಸವಲ್ಲ. ಇದನ್ನು ಒಪ್ಪಿದರೆ ಸುಳ್ಳನ್ನು ಒಪ್ಪಿದಂತೆ. ಆದರೆ ಈ ಸಲ ಉತ್ತರವನ್ನು ಅವರ ಬಾವಿಯಿಂದಲೇ ತೆಗೆದುಕೊಂಡೆ: "ಹಣೇಲಲ್ಲ ಅಜ್ಜಿ. ಕಟ್ಟೆ ಮೇಲೆ ನಿಂತಿದ್ದೋರು ಮಾಡಿದ್ದು."

ಅಜ್ಜಿ ನನ್ನ ಮುಖ ನೋಡಿದರು. ಗೋಡೆ ಕಡೆ ತಿರುಗಲಿಲ್ಲ.

ಆಗ 1927ರಲ್ಲಿ ಬಾಬಾಸಾಹೇಬರು ಮಹಾಡಿನಲ್ಲಿ ಸಾವಿರಾರು ಜನರ ಜೊತೆ ಚವದಾರ್ ಕೆರೆಗೆ ಹೋಗಿ ನೀರು ಕುಡಿದದ್ದನ್ನು ಹೇಳಿದೆ. ಮನೆಯ ಗೋಡೆ ಮೇಲೆ ಎಷ್ಟೋ ವರ್ಷದಿಂದ ಬಾಬಾಸಾಹೇಬರ ಫೋಟೋ ಇದೆ. ಅಜ್ಜಿ ಅದರ ಕಡೆ ನೋಡಿ ಕೇಳಿದರು:

"ಅವ್ರೂ ನೀರ್ಗೇನಾ ಹೋಗಿದ್ದು?"

ಜೈ ಭೀಮ್.